ಸಹಿ ಯಾರನ್ನು ಕಾಯುತ್ತದೆ?

ಡಿಸೆಂಬರ್ ಬಂತೆಂದರೆ ಥಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಇರುವ ಶಾಲೆಗಳಿಂದ ಮಕ್ಕಳ ಪಾಟಿಚೀಲದಲ್ಲಿ ಒಂದು ಹಾಳೆ ಮನೆಗೆ ಬರುತ್ತದೆ. ಘನ್ಸೋಲಿಯಿರಲಿ, ಮಹಾಪೆಯಿರಲಿ, ತುರ್ಭೆಯಿರಲಿ, ಅದರ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಮೇಲೆ ಶಾಲೆಯ ಹೆಸರು. ಅದರ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಶೈಕ್ಷಣಿಕ ಪ್ರವಾಸ, ಇಂಥ ದಿನ, ಇಷ್ಟು ರೂಪಾಯಿ, ಬೆಳಿಗ್ಗೆ ಏಳಕ್ಕೆ ಗೇಟಿನ ಬಳಿ ಇರಬೇಕು. ಕತ್ತರಿಸಿ ಕೊಡಬೇಕಾದ ಕೆಳತುಂಡಿನಲ್ಲಿ ಎರಡೇ ಮಾತು. ನನ್ನ ಮಗುವನ್ನು ನನ್ನ ಸ್ವಂತ ಜವಾಬ್ದಾರಿಯ ಮೇಲೆ ಕಳಿಸುತ್ತಿದ್ದೇನೆ. ಯಾವುದೇ ಅನಾಹುತಕ್ಕೆ ಶಾಲೆ ಹೊಣೆಯಲ್ಲ.

ಮಹಾಪೆಯ ಎಂಐಡಿಸಿ ಪ್ರದೇಶದಲ್ಲಿ ಈ ಹಾಳೆಗೆ ಸಹಿ ಹಾಕುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರೂ ಇದ್ದಾರೆ. ಅಂಥ ಮನೆಯಲ್ಲಿ ಅಪ್ಪನಿಗೆ ಓದಲು ಬಂದರೆ ಅದು ಕನ್ನಡ. ಮಾತಿಗೆ ಹಿಂದಿ, ಮರಾಠಿ ನಡೆಯುತ್ತದೆ. ಇಂಗ್ಲಿಷ್ ಹಾಳೆಯನ್ನು ಓದಿ ಹೇಳಬೇಕಾದವಳು ಏಳನೇ ತರಗತಿಯ ಮಗಳೇ. ಪಿಕ್ನಿಕ್ಕಿಗೆ ಹೋಗಲು ತುದಿಗಾಲಲ್ಲಿ ನಿಂತಿರುವ ಹುಡುಗಿ 'ಶಾಲೆ ಹೊಣೆಯಲ್ಲ' ಎಂಬ ಸಾಲನ್ನು ಯಾಕೆ ಓದಿ ಹೇಳಿಯಾಳು? 'ಅಪ್ಪಾ, ಇಲ್ಲಿ ಸೈನ್ ಮಾಡು' ಎಂದು ಬೆರಳು ತೋರಿಸುತ್ತಾಳೆ. ಅಪ್ಪ ಮಾಡುತ್ತಾನೆ. ಮರುದಿನ ಆ ತುಂಡು ಫೈಲಿಗೆ ಸೇರುತ್ತದೆ, ಆಡಳಿತ ಮಂಡಳಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತದೆ.

ಆ ನಿದ್ದೆಗೆ ಆಧಾರವಿಲ್ಲ. ಮಗುವಿನ ಮಾತು ಹಾಗಿರಲಿ, ಈ ತುಂಡುಹಾಳೆ ಶಾಲೆಯನ್ನೂ ಕಾಯುವುದಿಲ್ಲ.

1995ರ ಮೇ ತಿಂಗಳಲ್ಲಿ ಡಾಲ್‌ಹೌಸಿ ಪಬ್ಲಿಕ್ ಸ್ಕೂಲಿನ ಚಿಕ್ಕ ಮಕ್ಕಳನ್ನು ಬಿಯಾಸ್ ನದಿಯ ದಂಡೆಗೆ ಪಿಕ್ನಿಕ್ಕಿಗೆ ಕರೆದೊಯ್ದರು. ಜೊತೆಯಲ್ಲಿ ಶಿಕ್ಷಕರಿದ್ದರು. ಹದಿನಾಲ್ಕು ಮಕ್ಕಳು ನೀರುಪಾಲಾದರು. ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೈಕೋರ್ಟ್ ಹೇಳಿತು. ಶಾಲೆಯವರು ಸುಪ್ರೀಂ ಕೋರ್ಟಿಗೆ ಹೋದರು, 2001ರಲ್ಲಿ ಅಲ್ಲಿಯೂ ಸೋತರು. ಮಕ್ಕಳು ಶಿಕ್ಷಕರ ವಶದಲ್ಲಿರುವಷ್ಟು ಹೊತ್ತು ಎಚ್ಚರಿಕೆಯ ಕರ್ತವ್ಯ ಶಿಕ್ಷಕರದು, ಅವರ ತಪ್ಪಿಗೆ ಸಂಸ್ಥೆಯೂ ಹೊಣೆ ಎಂಬುದು ಅಂದಿನಿಂದ ಈ ದೇಶದಲ್ಲಿ ಗಟ್ಟಿಯಾಗಿ ನಿಂತ ಮಾತು.

ಇನ್ನೊಂದು ಪ್ರಕರಣ ಕನ್ನಡ ನಾಡಿನದೇ. 2006ರ ಡಿಸೆಂಬರಿನಲ್ಲಿ ಬೆಂಗಳೂರಿನ ಬಿಎನ್‌ಎಂ ಶಾಲೆಯ ಮಕ್ಕಳು ಉತ್ತರ ಭಾರತದ ಶೈಕ್ಷಣಿಕ ಪ್ರವಾಸಕ್ಕೆ ಹೋಗಿದ್ದರು. ಒಂಬತ್ತನೇ ತರಗತಿಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ದಾರಿಯಲ್ಲಿ ಜ್ವರ ಬಂತು. ಅದು ಮಿದುಳು ಮತ್ತು ಅದರ ಪೊರೆಯ ಉರಿಯೂತವೆಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ವಿಮಾನದಲ್ಲಿ ಬೆಂಗಳೂರಿಗೆ ಕರೆತಂದರೂ ಹುಡುಗಿ ಹಾಸಿಗೆ ಹಿಡಿದಳು. ಸಕಾಲಕ್ಕೆ ಚಿಕಿತ್ಸೆ ಕೊಡಿಸದ ನಿರ್ಲಕ್ಷ್ಯಕ್ಕಾಗಿ ರಾಜ್ಯ ಗ್ರಾಹಕ ಆಯೋಗ ಸುಮಾರು 88.73 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಮೊತ್ತವನ್ನೇ ಮರಳಿ ನಿಲ್ಲಿಸಿತು.

ಈ ಎರಡರಲ್ಲೂ ತೀರ್ಪು ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಮಗು ನಿಮ್ಮ ಕೈಯಲ್ಲಿದ್ದಾಗ ನೀವೇನು ಮಾಡಿದಿರಿ? ಅಪ್ಪನ ಸಹಿ ಆ ಪ್ರಶ್ನೆಗೆ ಉತ್ತರವಾಗದು. 1872ರ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಅನೂರ್ಜಿತ. ತನ್ನ ನಿರ್ಲಕ್ಷ್ಯಕ್ಕೆ ತಾನೇ ಮುಂಗಡ ಕ್ಷಮೆ ಬರೆಸಿಕೊಳ್ಳುವ ಹಾಳೆ ಆ ಕಲಮನ್ನು ದಾಟುವುದು ಕಷ್ಟ. ಹಾಗಾದರೆ ಆ ಸಾಲಿನಿಂದ ಆಗುವ ಕೆಲಸವೇನು? ಒಂದು ಕೆಲಸವಂತೂ ಆಗುತ್ತದೆ. ನಾಳೆ ಏನಾದರೂ ಆದರೆ ಅಪ್ಪ ಪೊಲೀಸ್ ಠಾಣೆಗೆ ಹೋಗುವ ಮುಂಚೆಯೇ 'ನಾನೇ ಸಹಿ ಹಾಕಿಕೊಟ್ಟೆನಲ್ಲ' ಎಂದು ಕುಗ್ಗಿ ಕೂರುತ್ತಾನೆ. ಕಾನೂನು ಗೊತ್ತಿರುವ ಪಾಲಕರ ಮುಂದೆ ಈ ಹಾಳೆ ಪೊಳ್ಳು, ಗೊತ್ತಿಲ್ಲದವರ ಮುಂದೆ ಬೆದರಿಕೆ. ಶಾಲೆಯೊಂದು ಇಂಥದ್ದನ್ನು ಅಚ್ಚು ಹಾಕಿಸಿ ಹಂಚುವುದಕ್ಕೆ ನಾಚಬೇಕು.

ಇತ್ತೀಚೆಗೆ ಕೆಲವು ದೊಡ್ಡ ಶಾಲೆಗಳು ಈ ಹಾಳೆಯ ಜೊತೆಗೆ 'ರಿಸ್ಕ್ ಅಸೆಸ್‌ಮೆಂಟ್' ಎಂಬ ಚೌಕಗಳ ಪಟ್ಟಿಯನ್ನೂ ಇಟ್ಟುಕೊಳ್ಳುತ್ತವೆ. ಅಪಾಯದ ಸಂಭವಕ್ಕೆ ಒಂದರಿಂದ ಐದು ಅಂಕ, ಪರಿಣಾಮಕ್ಕೆ ಒಂದರಿಂದ ಐದು ಅಂಕ. ಎರಡನ್ನೂ ಗುಣಿಸಿ ಬಂದ ಸಂಖ್ಯೆಗೆ ಹಸಿರು, ಹಳದಿ, ಕೆಂಪು ಬಣ್ಣ. ಕಾರ್ಖಾನೆಯಿಂದ ಬಂದ ಪದ್ಧತಿ. ಶಾಲೆಯಲ್ಲಿ ಅದು ಏನು ಮಾಡುತ್ತದೆ ನೋಡಿ. ಹೊಸ ಬೂಟು ಕಚ್ಚಿ ಕಾಲಿನಲ್ಲಿ ಬೊಬ್ಬೆ ಏಳುವ ಸಂಭವ 5, ಪರಿಣಾಮ 1. ಗುಣಲಬ್ಧ 5. ಮಗು ನೀರಿಗೆ ಬಿದ್ದು ಸಾಯುವ ಸಂಭವ 1, ಪರಿಣಾಮ 5. ಗುಣಲಬ್ಧ 5. ಎರಡಕ್ಕೂ ಹಸಿರು ಬಣ್ಣ. ಅಲ್ಲಿಗೆ ಪಟ್ಟಿ ಮುಗಿಯಿತು, ಪ್ರಾಂಶುಪಾಲರ ಸಹಿ ಬಿತ್ತು. ಹೋಗುವ ಜಾಗವನ್ನು ಒಬ್ಬರೂ ನೋಡಿ ಬಂದಿಲ್ಲ.

ಅಪಾಯದ ಅಂದಾಜು ಎಂದರೆ ಗುಣಾಕಾರವಲ್ಲ. ಶಿಕ್ಷಕರಿಬ್ಬರು ವಾರ ಮುಂಚೆ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಹೋಗಿ ಬಂದು, ಮಗು ಎಲ್ಲಿ ಕೈತಪ್ಪಬಹುದು ಎಂದು ಬರೆದಿಡುವುದು. ಮಹಾಪೆಯ ಒಂದು ಶಾಲೆ ಏಳನೇ ತರಗತಿಯ ಎಂಬತ್ತು ಮಕ್ಕಳನ್ನು ಎರಡು ಬಸ್ಸುಗಳಲ್ಲಿ ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯುತ್ತದೆ ಎಂದಿಟ್ಟುಕೊಳ್ಳಿ. ಜೊತೆಗೆ ಎಂಟು ಮಂದಿ ದೊಡ್ಡವರು.

ಮೊದಲು ಜಾಗದ ಹೆಸರು. ವರ್ಲಿಯಲ್ಲಿ 'ನೆಹರೂ' ಎಂದು ಹೇಳಿದರೆ ಎರಡು ಜಾಗಗಳಿವೆ. ತಾರಾಲಯ ಇರುವ ನೆಹರೂ ಸೆಂಟರ್ ಆನಿ ಬೆಸೆಂಟ್ ರಸ್ತೆಯಲ್ಲಿದೆ. 1985ರಲ್ಲಿ ತೆರೆದ ವಿಜ್ಞಾನ ಕೇಂದ್ರ ಇರುವುದು ಡಾ. ಇ. ಮೋಸೆಸ್ ರಸ್ತೆಯಲ್ಲಿ, ಮಹಾಲಕ್ಷ್ಮಿ ರೇಸ್‌ಕೋರ್ಸಿನ ಕಡೆಗೆ. ಎರಡರ ನಡುವೆ ಹೆಚ್ಚು ದೂರವೇನಿಲ್ಲ. ಆದರೆ ಒಂದು ಬಸ್ ಅಲ್ಲಿಗೆ, ಇನ್ನೊಂದು ಇಲ್ಲಿಗೆ ಹೋದರೆ ನಲವತ್ತು ಮಕ್ಕಳು ತಪ್ಪು ಗೇಟಿನ ಮುಂದೆ ಇಳಿದು ರಸ್ತೆಬದಿಯಲ್ಲಿ ನಿಲ್ಲುತ್ತಾರೆ. ಪಾಲಕರಿಗೆ ಕಳಿಸುವ ಪತ್ರದಲ್ಲಿ 'ನೆಹರೂ ಸೆಂಟರ್' ಎಂದಷ್ಟೇ ಬರೆದಿದ್ದರೆ, ಶಾಲೆಯಲ್ಲಿ ಯಾರೂ ಆ ಜಾಗ ನೋಡಿ ಬಂದಿಲ್ಲವೆಂದು ಆ ಒಂದು ಪದವೇ ಹೇಳುತ್ತದೆ.

ಎರಡನೆಯದು ದಾರಿ. ಮಹಾಪೆಯಿಂದ ವಾಶಿ, ಖಾಡಿ ಸೇತುವೆ, ಮಾನಖುರ್ದ್, ಚೆಂಬೂರು ದಾಟಿ ವರ್ಲಿ ಸೇರಲು ಸುಮಾರು ಮೂವತ್ತೈದು ಕಿಲೋಮೀಟರ್. ಬೆಳಗಿನ ಟ್ರಾಫಿಕ್ಕಿನಲ್ಲಿ ಎರಡು ತಾಸು ಹಿಡಿದರೂ ಆಶ್ಚರ್ಯವಿಲ್ಲ. ಇಡೀ ದಿನದಲ್ಲಿ ಮಕ್ಕಳ ಜೀವಕ್ಕೆ ಅತಿ ದೊಡ್ಡ ಅಪಾಯ ಇರುವುದು ಇಲ್ಲಿಯೇ, ವಸ್ತುಸಂಗ್ರಹಾಲಯದ ಒಳಗಲ್ಲ. 2022ರ ಅಕ್ಟೋಬರಿನಲ್ಲಿ ಕೇರಳದ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ರಾತ್ರಿ ಸರ್ಕಾರಿ ಬಸ್ಸಿಗೆ ಹಿಂದಿನಿಂದ ಗುದ್ದಿ ಒಂಬತ್ತು ಮಂದಿ ಸತ್ತರು, ಅವರಲ್ಲಿ ಐವರು ವಿದ್ಯಾರ್ಥಿಗಳು. ಅದೇ ಡಿಸೆಂಬರಿನಲ್ಲಿ ಲೋನಾವಳದಿಂದ ಮರಳುತ್ತಿದ್ದ ಚೆಂಬೂರಿನ ಕೋಚಿಂಗ್ ಕ್ಲಾಸಿನ ಬಸ್ಸು ಖೋಪೋಲಿಯ ಬಳಿ ಮಗುಚಿತು, ಇಬ್ಬರು ಮಕ್ಕಳು ಉಳಿಯಲಿಲ್ಲ. ಪಟ್ಟಿಯಲ್ಲಿ 'ಬಸ್ ಸುರಕ್ಷಿತವಾಗಿದೆ' ಎಂಬ ಚೌಕಕ್ಕೆ ಟಿಕ್ ಹಾಕಿದರೆ ಏನೂ ಆಗುವುದಿಲ್ಲ. ಟ್ರಾವೆಲ್ಸಿನವರು ಹಿಂದಿನ ದಿನ ಕೊಟ್ಟ ಬಸ್ ನಂಬರ್ ಒಂದು, ಬೆಳಿಗ್ಗೆ ಗೇಟಿಗೆ ಬಂದು ನಿಲ್ಲುವ ಬಸ್ಸು ಇನ್ನೊಂದು. ಪಿಕ್ನಿಕ್ ಸೀಸನ್ನಿನಲ್ಲಿ ಇದು ಮಾಮೂಲು. ಆದ್ದರಿಂದ ಬೆಳಿಗ್ಗೆ ಆರೂವರೆಗೆ ಒಬ್ಬ ಶಿಕ್ಷಕರು ಬಂದ ಬಸ್ಸಿನ ನಂಬರನ್ನೇ ಮೊಬೈಲಿನ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ಫಿಟ್‌ನೆಸ್, ವಿಮೆ, ಪರ್ಮಿಟ್ಟಿನ ಅವಧಿ ನೋಡಬೇಕು. ಚಾಲಕರ ಲೈಸೆನ್ಸ್ ಕೈಯಲ್ಲಿ ಹಿಡಿದು ನೋಡಬೇಕು. ನಿನ್ನೆ ರಾತ್ರಿ ಅವರು ಎಲ್ಲಿಗೆ ಬಸ್ ಓಡಿಸಿದ್ದರು ಎಂದು ಕೇಳಬೇಕು. ಈ ಮೂರನೆಯ ಪ್ರಶ್ನೆ ಯಾವ ಫಾರ್ಮಿನಲ್ಲೂ ಇರುವುದಿಲ್ಲ. ಚಾಲಕರ ಉತ್ತರ 'ಶಿರಡಿ, ನಾಲ್ಕು ಗಂಟೆಗೆ ಬಂದೆ' ಎಂದಾದರೆ ಬಸ್ಸು ಹೊರಡಬಾರದು. ಇದನ್ನು ನಿರ್ಧರಿಸುವ ಅಧಿಕಾರ ಗೇಟಿನಲ್ಲಿ ನಿಂತಿರುವ ಆ ಶಿಕ್ಷಕರಿಗೇ ಇರಬೇಕು. ಪ್ರಾಂಶುಪಾಲರಿಗೆ ಫೋನ್ ಮಾಡಿ, ಅವರು ಟ್ರಸ್ಟಿಗೆ ಫೋನ್ ಮಾಡಿ, ಅಷ್ಟರಲ್ಲಿ ಮಕ್ಕಳು ಕಿಟಕಿ ಸೀಟಿಗೆ ಜಗಳ ಶುರುಮಾಡಿದ ಮೇಲೆ ಯಾರಿಗೂ ಬಸ್ ವಾಪಸ್ ಕಳಿಸುವ ಧೈರ್ಯ ಬರುವುದಿಲ್ಲ.

ಮೂರನೆಯದು ಎಣಿಕೆ. ಇದು ಎಲ್ಲರೂ ಮಾಡುವ, ಎಲ್ಲರೂ ತಪ್ಪಾಗಿ ಮಾಡುವ ಕೆಲಸ. ಒಬ್ಬ ಶಿಕ್ಷಕಿ ಬಾಗಿಲಲ್ಲಿ ನಿಂತು ತಲೆಗಳನ್ನು ಎಣಿಸುತ್ತಾರೆ, ನಲವತ್ತು ಬಂತು, ರೈಟ್ ರೈಟ್. ಆದರೆ ಚಳಿಗಾಲದ ವಾರದ ದಿನಗಳಲ್ಲಿ ವಿಜ್ಞಾನ ಕೇಂದ್ರದಲ್ಲಿ ಬೇರೆ ಬೇರೆ ಶಾಲೆಗಳ ಮಕ್ಕಳು ಒಟ್ಟಿಗೇ ಇರುತ್ತಾರೆ, ಬಿಳಿ ಅಂಗಿ ನೀಲಿ ಚಡ್ಡಿ ಎಲ್ಲರಿಗೂ ಒಂದೇ. ಸಾಲಿನಲ್ಲಿ ಇನ್ನೊಂದು ಶಾಲೆಯ ಹುಡುಗ ಸೇರಿಕೊಂಡು ತಮ್ಮ ಹುಡುಗನೊಬ್ಬ ತಪ್ಪಿಹೋಗಿದ್ದರೂ ಸಂಖ್ಯೆ ನಲವತ್ತೇ ಬರುತ್ತದೆ. ಗೆಳತಿಯ ಜೊತೆ ಕೂರಲು ಹುಡುಗಿಯೊಬ್ಬಳು ಬಸ್ ಬದಲಿಸಿದರೆ ಒಂದರಲ್ಲಿ ಮೂವತ್ತೊಂಬತ್ತು, ಇನ್ನೊಂದರಲ್ಲಿ ನಲವತ್ತೊಂದು. ಅವಸರದಲ್ಲಿ ಒಟ್ಟು ಎಂಬತ್ತಾಯಿತಲ್ಲ ಎಂದು ಬಿಟ್ಟರೆ ಮುಂದಿನ ಎಣಿಕೆಗಳೆಲ್ಲ ನೆಲೆ ತಪ್ಪುತ್ತವೆ. ತಲೆ ಎಣಿಸಿದರೆ ಸಾಲದು, ಹೆಸರು ಕರೆಯಬೇಕು. ಎಂಬತ್ತು ಹೆಸರನ್ನು ಒಬ್ಬರು ಕರೆದರೆ ಹತ್ತು ನಿಮಿಷ, ಯಾರೂ ಕರೆಯುವುದಿಲ್ಲ. ಎಂಟು ಮಂದಿ ತಲಾ ಹತ್ತು ಮಕ್ಕಳನ್ನು ಹಂಚಿಕೊಂಡರೆ ಒಂದು ನಿಮಿಷವೂ ಬೇಡ. ಆ ಹತ್ತು ಹೆಸರಿನ ಚೀಟಿ ಅವರವರ ಜೇಬಿನಲ್ಲಿರಬೇಕು, ಮಕ್ಕಳು ಇಬ್ಬಿಬ್ಬರ ಜೋಡಿಯಾಗಿರಬೇಕು. ಜೋಡಿ ಯಾಕೆಂದರೆ, ತಪ್ಪಿಹೋದ ಮಗುವನ್ನು ಮೊದಲು ಗಮನಿಸುವುದು ಶಿಕ್ಷಕರಲ್ಲ, ಪಕ್ಕದಲ್ಲಿದ್ದ ಮಗು.

ಎಲ್ಲಿ ಕರೆಯಬೇಕು ಎಂಬುದನ್ನು ಜಾಗ ನೋಡಿ ಬಂದವರೇ ಹೇಳಬಲ್ಲರು. ಕೇಂದ್ರದ ಹೊರಗಿನ ವಿಜ್ಞಾನ ಉದ್ಯಾನ ವಿಶಾಲವಾದದ್ದು. ಆಟದಂಥ ಮಾದರಿಗಳಿವೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮರುತ್ ವಿಮಾನ ನಿಂತಿದೆ. ಮಕ್ಕಳು ಗುಬ್ಬಿಗಳಂತೆ ಚದುರುತ್ತಾರೆ. ಕತ್ತಲೆಯ ಪ್ರದರ್ಶನ ಮುಗಿದು ಹೊರಬರುವ ಬಾಗಿಲು ಇನ್ನೊಂದು ಕಡೆ. ಊಟದ ನಂತರ ಶೌಚಾಲಯದ ಸರದಿಯಲ್ಲಿ ನಿಂತ ಹುಡುಗಿಯರು ಹಿಂದುಳಿಯುತ್ತಾರೆ. ಬಸ್ ಹತ್ತುವಾಗ, ಇಳಿದಾಗ, ಉದ್ಯಾನದಿಂದ ಒಳಗೆ ಹೋಗುವಾಗ, ಕತ್ತಲೆಯಿಂದ ಹೊರಬಂದಾಗ, ಊಟಕ್ಕೆ ಕೂತಾಗ, ಮರಳಿ ಬಸ್ ಹತ್ತಿ ಚಕ್ರ ಉರುಳುವ ಮುಂಚೆ, ಹೀಗೆ ಆರು ಸಲ ಹೆಸರು. ಹೆಸರು ತಪ್ಪಿದರೆ ಉಳಿದವರೆಲ್ಲ ಇದ್ದಲ್ಲೇ ಕೂರುವುದು, ಇಬ್ಬರು ಮಾತ್ರ ಹುಡುಕುವುದು, ಒಬ್ಬರು ಹೊರಗೇಟಿಗೆ ಹೋಗಿ ನಿಲ್ಲುವುದು. ಗೇಟಿನಾಚೆ ಮುಂಬಯಿ ರಸ್ತೆಯಿದೆ.

ಇನ್ನು ಬಿಡುವಿನ ಗಂಟೆ. ಮೂರು ಗಂಟೆಗೆ ಎಲ್ಲ ನೋಡಿ ಮುಗಿಯಿತು, ಬಸ್ಸಿನ ಬಾಡಿಗೆ ಇಡೀ ದಿನದ್ದು. 'ಇಷ್ಟು ದೂರ ಬಂದಿದ್ದೇವೆ, ಮಕ್ಕಳಿಗೆ ಸಮುದ್ರ ತೋರಿಸೋಣ' ಎಂದು ಯಾರೋ ಒಬ್ಬರು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ವರ್ಲಿಯಿಂದ ಚೌಪಾಟಿ, ಜುಹೂ ಏನು ದೂರ? ಮಕ್ಕಳ ಪ್ರವಾಸ ಕೆಡುವುದು ಈ ಒಂದು ವಾಕ್ಯದಲ್ಲಿ. 2016ರ ಫೆಬ್ರುವರಿಯಲ್ಲಿ ಪುಣೆಯ ಕಾಲೇಜೊಂದರ ಹದಿನಾಲ್ಕು ವಿದ್ಯಾರ್ಥಿಗಳು ರಾಯಗಡದ ಮುರುಡ್ ಕಡಲಲ್ಲಿ ಮುಳುಗಿದರು. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರನ್ನು ಮುರ್ಡೇಶ್ವರದ ಅಲೆ ಎಳೆದುಕೊಂಡಿತು. ಕೋಲಾರದ ಮಕ್ಕಳಿಗೆ ಕಡಲು ಹೊಸದು. ಕಲಬುರಗಿಯಿಂದ ಬಂದು ಮಹಾಪೆಯಲ್ಲಿ ನೆಲೆಸಿದವರ ಮಕ್ಕಳಿಗೂ ಕಡಲು ಅಷ್ಟೇ ಹೊಸದು, ಮುಂಬಯಿಯ ಮಗ್ಗುಲಲ್ಲೇ ಇದ್ದರೂ. ವಿಜ್ಞಾನ ಕೇಂದ್ರವನ್ನು ನೋಡಿ ಬರೆದ ಅಪಾಯದ ಅಂದಾಜು ಕಡಲ ದಂಡೆಗೆ ನಡೆಯುವುದಿಲ್ಲ. ಪತ್ರದಲ್ಲಿಲ್ಲದ ಜಾಗದಲ್ಲಿ ಬಸ್ ನಿಲ್ಲುವುದಿಲ್ಲ ಎಂಬ ಸಾಲನ್ನು ಪಾಲಕರಿಗೆ ಬರೆದುಕೊಟ್ಟರೆ ಅದು ಶಿಕ್ಷಕರಿಗೂ ಆಸರೆ. ಮಕ್ಕಳು ಪೀಡಿಸಿದಾಗ 'ಬರೆದುಕೊಟ್ಟಿದ್ದೇವೆ, ಆಗದು' ಎನ್ನಬಹುದು.

ಈ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಆರೋಗ್ಯದ ಪ್ರಶ್ನೆ. 2025ರ ಫೆಬ್ರುವರಿ ಕೊನೆಯಲ್ಲಿ ಮಹಾಪೆಯ ಪಕ್ಕದ ಘನ್ಸೋಲಿಯ ಪಾಲಿಕೆ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬ ಖೋಪೋಲಿ ಬಳಿಯ ಥೀಮ್ ಪಾರ್ಕಿನಲ್ಲಿ ಶಾಲಾ ಪಿಕ್ನಿಕ್ ನಡುವೆ ಕುಸಿದು ತೀರಿಕೊಂಡ. ಆಮೇಲೆ ಎಲ್ಲ ಶಾಲೆಗಳೂ ತಮ್ಮ ಫಾರ್ಮುಗಳನ್ನು ತೆರೆದು ನೋಡಬೇಕಿತ್ತು. 'ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ? ಹೌದು/ಇಲ್ಲ' ಎಂದು ಅವು ಕೇಳುತ್ತವೆ. ಹೌದು ಎಂದರೆ ಮಗುವನ್ನು ಬಿಟ್ಟು ಹೋಗುತ್ತಾರೆಂಬ ಭಯಕ್ಕೆ ಪಾಲಕರು 'ಇಲ್ಲ' ಎಂದೇ ಬರೆಯುತ್ತಾರೆ. ಫಿಟ್ಸ್ ಬರುವ ಹುಡುಗಿಯ ವಿಷಯದಲ್ಲಂತೂ ನಾಳೆ ಮದುವೆಯ ಮಾತು ಬಂದಾಗ ಏನಾದೀತೋ ಎಂಬ ಹೆದರಿಕೆ ಬೇರೆ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕು. ದಮ್ಮಿಗೆ ಪಂಪ್ ಬಳಸುತ್ತದೆಯೇ, ಅದು ಚೀಲದಲ್ಲಿರುತ್ತದೆಯೇ? ಯಾವತ್ತಾದರೂ ಪ್ರಜ್ಞೆ ತಪ್ಪಿ ಬಿದ್ದದ್ದುಂಟೇ? ಓಡಿದರೆ ಎದೆ ನೋವು ಅನ್ನುತ್ತದೆಯೇ? ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ? ಯಾವ ಮಾತ್ರೆ, ಯಾವ ತಿನಿಸು ಆಗದು? ಜೊತೆಗೆ ಎರಡು ಭರವಸೆ: ಉತ್ತರ ಏನೇ ಇದ್ದರೂ ಮಗುವನ್ನು ಬಿಟ್ಟು ಹೋಗುವುದಿಲ್ಲ; ಉತ್ತರವನ್ನು ಅವಳ ಗುಂಪಿನ ಶಿಕ್ಷಕಿ ಬಿಟ್ಟರೆ ಬೇರೆ ಯಾರೂ ನೋಡುವುದಿಲ್ಲ. ಎರಡನೆಯ ಭರವಸೆಯನ್ನು ಉಳಿಸಿಕೊಳ್ಳಬೇಕಾದರೆ ಫಾರ್ಮನ್ನು ಮುಚ್ಚಿದ ಲಕೋಟೆಯಲ್ಲಿ ತರಿಸಿಕೊಳ್ಳಬೇಕು. ತರಗತಿಯ ಲೀಡರ್ ಕೈಯಲ್ಲಿ ಕಟ್ಟು ಕಟ್ಟಿ ಕಳಿಸಿದರೆ ಮುಗಿಯಿತು, ಇಡೀ ಶಾಲೆಗೆ ಗೊತ್ತಾಗುತ್ತದೆ.

ಮುಖ್ಯಾಧ್ಯಾಪಕರು ಇದಕ್ಕೆ ಎತ್ತುವ ಆಕ್ಷೇಪ ಗೊತ್ತಿರುವಂಥದ್ದೇ. ಇಷ್ಟೆಲ್ಲ ಬರೆದರೆ ಪಾಲಕರು ಹೆದರಿ ಮಕ್ಕಳನ್ನು ಕಳಿಸುವುದಿಲ್ಲ. ಶಿಕ್ಷಕರಿಗೆ ಚುನಾವಣೆ ಕೆಲಸ, ಗಣತಿ ಕೆಲಸವೇ ಸಾಕಾಗಿದೆ. ಇದನ್ನೂ ಹೇರಿದರೆ ಪ್ರವಾಸವನ್ನೇ ಕೈಬಿಡುತ್ತಾರೆ. ಎರಡನೆಯ ಮಾತಿನಲ್ಲಿ ನಿಜವಿದೆ. ಮುರ್ಡೇಶ್ವರದ ಘಟನೆಯ ನಂತರ ಶಿಕ್ಷಕರೇ ಬಂಧನಕ್ಕೊಳಗಾದರು. ಸಂಬಳ ಕಡಿಮೆ, ಹೊಣೆ ಪೂರ್ತಿ ಎಂದಾದಾಗ ಪ್ರವಾಸವೇ ಬೇಡ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹೆಚ್ಚಿನ ಕಾಗದಪತ್ರ ಇಲ್ಲಿ ಬೇಕಿಲ್ಲ. ಈಗಿರುವ ಕಾಗದದಿಂದ ಸುಳ್ಳನ್ನು ತೆಗೆದು ಆ ಜಾಗದಲ್ಲಿ ಮಾಹಿತಿ ತುಂಬಿದರೆ ಸಾಕು. ಇಂಗ್ಲೆಂಡಿನ ಶಿಕ್ಷಣ ಇಲಾಖೆ ಶಾಲಾ ಅವಧಿಯಲ್ಲಿ ನಡೆಯುವ ಬಹುಪಾಲು ಹೊರಸಂಚಾರಗಳಿಗೆ ಪಾಲಕರ ಲಿಖಿತ ಒಪ್ಪಿಗೆಯೇ ಬೇಡ ಎನ್ನುತ್ತದೆ. ಹೊಣೆ ಹೇಗೂ ಶಾಲೆಯದೇ, ಪಾಲಕರಿಗೆ ಬೇಕಿರುವುದು ತಿಳಿವಳಿಕೆ ಎಂಬುದು ಅಲ್ಲಿ ಸ್ಪಷ್ಟ. ಇಲ್ಲಿ ಸಹಿ ಬೇಡವೆನ್ನುವ ಕಾಲ ಬಂದಿಲ್ಲ. ಸಹಿ ಇರಲಿ, ಆದರೆ ಏನನ್ನು ಓದಿ ಹಾಕಿದ್ದು ಎಂಬುದು ಬದಲಾಗಲಿ. ಪಾಲಕರು ಹೆದರುತ್ತಾರೆ ಎಂಬ ಮೊದಲ ಆಕ್ಷೇಪಕ್ಕೆ ಉತ್ತರ ಚಿಕ್ಕದು. 'ಯಾವುದೇ ಅನಾಹುತ' ಎಂಬ ಎರಡು ಪದಕ್ಕಿಂತ ಹೆದರಿಸುವಂಥದ್ದು ಏನಿದೆ?

ಮಹಾಪೆಯ ಆ ಶಾಲೆ ಕಳಿಸಬೇಕಾದ ಪತ್ರ ಒಂದು ಪುಟ ಮೀರುವುದಿಲ್ಲ. ಮರಾಠಿ, ಹಿಂದಿಯ ಜೊತೆಗೆ ಕನ್ನಡದಲ್ಲೂ ಇರಬೇಕಾದ ಅದು ಹೀಗಿರಬಹುದು:

'ಮಾನ್ಯ ಪಾಲಕರಿಗೆ ನಮಸ್ಕಾರ. ಏಳನೇ ತರಗತಿಯ ಮಕ್ಕಳನ್ನು ವರ್ಲಿಯ ಡಾ. ಇ. ಮೋಸೆಸ್ ರಸ್ತೆಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯುತ್ತೇವೆ. ಬೆಳಿಗ್ಗೆ ಏಳೂವರೆಗೆ ಹೊರಟು ಸಂಜೆ ಐದೂವರೆ ಒಳಗೆ ಶಾಲೆಗೆ ಮರಳುತ್ತೇವೆ. ಬೇರೆಲ್ಲಿಯೂ ಬಸ್ ನಿಲ್ಲಿಸುವುದಿಲ್ಲ, ಕಡಲ ದಂಡೆಗೆ ಹೋಗುವುದಿಲ್ಲ. ನಮ್ಮ ಶಿಕ್ಷಕರಿಬ್ಬರು ಹೋಗಿ ಜಾಗ ನೋಡಿ ಬಂದಿದ್ದಾರೆ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರುತ್ತಾರೆ. ನಿಮ್ಮ ಮಗುವಿನ ಗುಂಪಿನ ಶಿಕ್ಷಕಿಯ ಹೆಸರು, ಫೋನ್ ಕೆಳಗಿದೆ. ಬಸ್ಸಿನ ನಂಬರನ್ನು ಅದೇ ಬೆಳಿಗ್ಗೆ ಪರೀಕ್ಷಿಸಿ ನಿಮಗೆ ಕಳಿಸುತ್ತೇವೆ. ಮಗುವಿಗೆ ಹುಷಾರು ತಪ್ಪಿದರೆ ಕಾಯುತ್ತಾ ಕೂರದೆ, ವರ್ಲಿಯಲ್ಲಿದ್ದಾಗ ಪರೇಲಿನ ಕೆಇಎಂ ಆಸ್ಪತ್ರೆಗೆ, ಮರಳುವ ದಾರಿಯಲ್ಲಿದ್ದರೆ ವಾಶಿಯ ಪಾಲಿಕೆ ಆಸ್ಪತ್ರೆಗೆ ಕರೆದೊಯ್ದು ಕೂಡಲೇ ನಿಮಗೆ ಫೋನ್ ಮಾಡುತ್ತೇವೆ. ಆ ದಿನ ಸಿಗುವ ಎರಡು ಫೋನ್ ನಂಬರ್ ಕೊಡಿ. ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಬರೆದು ಲಕೋಟೆ ಅಂಟಿಸಿ ಕಳಿಸಿ. ಉತ್ತರ ಏನೇ ಇದ್ದರೂ ಮಗುವನ್ನು ಬಿಟ್ಟು ಹೋಗುವುದಿಲ್ಲ. ನಮ್ಮ ವಶದಲ್ಲಿರುವಷ್ಟು ಹೊತ್ತು ಮಗುವಿನ ಹೊಣೆ ನಮ್ಮದು. ಇದನ್ನು ಓದಿ ತಿಳಿದುಕೊಂಡಿದ್ದೇನೆ ಎಂಬುದಕ್ಕೆ ಸಹಿ ಮಾಡಿ. ಓದಲು ಬಾರದಿದ್ದರೆ ಸಂಜೆ ಗೇಟಿನ ಬಳಿ ಬನ್ನಿ, ಓದಿ ಹೇಳುತ್ತೇವೆ.'

ಈ ಪತ್ರವನ್ನು ಬರೆಯಲು ಕೂತ ಶಾಲೆಗೆ ಬಹುಬೇಗ ಒಂದು ಮಾತು ಗೊತ್ತಾಗುತ್ತದೆ. ಜಾಗ ನೋಡಿ ಬಾರದೆ ಐದನೇ ವಾಕ್ಯ ಬರೆಯಲಾಗದು. ಎಂಟು ಮಂದಿಯನ್ನು ಒಪ್ಪಿಸದೆ ಹತ್ತಕ್ಕೆ ಒಬ್ಬರು ಎನ್ನಲಾಗದು. ಯಾವ ಆಸ್ಪತ್ರೆ ಎಂದು ಬರೆಯಲು ದಾರಿಯ ನಕ್ಷೆ ಮುಂದಿಟ್ಟುಕೊಳ್ಳಲೇಬೇಕು. 'ಶಾಲೆ ಹೊಣೆಯಲ್ಲ' ಎಂದು ಬರೆಯಲು ಮಾತ್ರ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ, ಕಳೆದ ವರ್ಷದ ಫೈಲ್ ತೆರೆದು ತಾರೀಖು ಬದಲಿಸಿದರೆ ಆಯಿತು.